ಬ್ರಾಂದಿ ಹಾಕುವ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆ

ಹೂಮಳೆ ಬಿದ್ದ ವಾರ. ಮದುವೆ ಸೀಸನ್ ಹತ್ತಿರ ಬಂತೆಂದರೆ ನಮ್ಮ ಕಡೆಯ ತೋಟದ ಮನೆಗಳಲ್ಲಿ ಮರದ ಪಾಲಿಶ್ ಕೆಲಸ ಶುರುವಾಗುತ್ತದೆ. ಅಂಥ ಒಂದು ಮನೆಯಿಂದ ಮಧ್ಯಾಹ್ನ ಮೂರು ಗಂಟೆಗೆ ಜೀಪಿನಲ್ಲಿ ಒಬ್ಬನನ್ನು ಕರೆತಂದರು. ವಯಸ್ಸು ನಲವತ್ತರ ಆಸುಪಾಸು, ತೂಕ 55 ಕೆಜಿ. ಹಿಂದಿನ ರಾತ್ರಿ ಕುಡಿದಿದ್ದಾನೆ, ಬೆಳಿಗ್ಗೆಯಿಂದ ವಾಂತಿ, ಹೊಟ್ಟೆನೋವು ಅಂದರು. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದ್ದೆವು, ಹೊರಗೆ ಬಿಸಿಲು ಹೊಳೆಯುತ್ತಿತ್ತು. ಅವನು ಮಾತ್ರ, "ಒಳಗೂ ಮಂಜು ಕವಿದಿದೆ ಸಾರ್, ಲೈಟ್ ಹಾಕಿ" ಅಂದ.

ಕುಡಿದ ಮರುದಿನ ಕಣ್ಣು ಮಂಜಾದರೆ ನನಗೆ ಮೊದಲು ನೆನಪಾಗುವುದು ಪಾಲಿಶ್ ಕೆಲಸಕ್ಕೆ ಬಳಸುವ ಮೆಥನಾಲ್ ಎಂಬ ಆಲ್ಕೋಹಾಲ್. ಉಸಿರಾಟ ಆಳವಾಗಿ, ವೇಗವಾಗಿ ಇತ್ತು. ಅಪಧಮನಿಯ ರಕ್ತ ಪರೀಕ್ಷಿಸಿದಾಗ ಪಿಎಚ್ 7.08, ಅಂದರೆ ರಕ್ತದಲ್ಲಿ ಆಮ್ಲ ತೀರಾ ಹೆಚ್ಚಿತ್ತು; ಆಮ್ಲವನ್ನು ತಣಿಸುವ ಬೈಕಾರ್ಬೊನೇಟ್ 6ಕ್ಕೆ ಇಳಿದಿತ್ತು. ಸೋಡಿಯಂ 138, ಕ್ಲೋರೈಡ್ 100. ಸೋಡಿಯಂನಿಂದ ಉಳಿದೆರಡನ್ನೂ ಕಳೆದರೆ 32 ಬರುತ್ತದೆ, ಸಾಮಾನ್ಯವಾಗಿ ಅದು 12ರ ಒಳಗಿರಬೇಕು. ಅಂದರೆ ಲೆಕ್ಕಕ್ಕೆ ಸಿಗದ ಯಾವುದೋ ಆಮ್ಲ ರಕ್ತದಲ್ಲಿದೆ. ಸಕ್ಕರೆ ಸರಿ ಇತ್ತು, ಕೀಟೋನ್ ಇರಲಿಲ್ಲ, ಲ್ಯಾಕ್ಟೇಟ್ ಸ್ವಲ್ಪ ಮಾತ್ರ ಏರಿತ್ತು. ರಕ್ತದಲ್ಲಿ ಮೆಥನಾಲ್ ಅಳೆಯುವ ಸೌಲಭ್ಯ ನಮ್ಮಲ್ಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಅವನು ಕುಡಿದಿದ್ದ ಪಾಲಿಶ್ ಕೆಲಸದ ಕ್ಯಾನನ್ನೇ ಹೊತ್ತು ತಂದ. ಲೇಬಲ್ ಮೇಲೆ ಮಿಥೈಲ್ ಆಲ್ಕೋಹಾಲ್ ಎಂದಿತ್ತು, ಅದು ಮೆಥನಾಲ್‌ನದೇ ಇನ್ನೊಂದು ಹೆಸರು.

ಮೆಥನಾಲ್ ತಾನಾಗಿಯೇ ಅಷ್ಟು ದೊಡ್ಡ ವಿಷವಲ್ಲ. ಲಿವರ್‌ನಲ್ಲಿರುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದು ಬೇಗನೆ ಫಾರ್ಮಿಕ್ ಆಮ್ಲವಾಗುತ್ತದೆ. ಈ ಆಮ್ಲ ಜೀವಕೋಶ ಆಮ್ಲಜನಕ ಬಳಸುವುದನ್ನೇ ತಡೆಯುತ್ತದೆ, ಕಣ್ಣಿನ ನರಕ್ಕೆ ಮೊದಲು ಪೆಟ್ಟು ಬೀಳುತ್ತದೆ. ಇಷ್ಟೆಲ್ಲ ಆಗಲು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಬೇಕು. ಹಾಗಾಗಿ ರಾತ್ರಿ ಕುಡಿದವನು ಬೆಳಿಗ್ಗೆ ನಡೆದಾಡುತ್ತಿದ್ದು ಮಧ್ಯಾಹ್ನ ಕುಸಿಯುತ್ತಾನೆ. ನಾವು ಕುಡಿಯುವ ಬ್ರಾಂದಿಯ ಎಥನಾಲ್ ಕೂಡ ಅದೇ ಕಿಣ್ವದ ಬಾಗಿಲಿಗೇ ಬರುತ್ತದೆ. ಆ ಕಿಣ್ವಕ್ಕೆ ಮೆಥನಾಲ್‌ಗಿಂತ ಎಥನಾಲ್ ಮೇಲೆ ಹತ್ತು ಪಟ್ಟಿಗೂ ಹೆಚ್ಚು ಒಲವು. ಎಥನಾಲ್ ತುಂಬಿಸಿಟ್ಟರೆ ಮೆಥನಾಲ್ ಹೊರಗೇ ಕಾಯಬೇಕಾಗುತ್ತದೆ, ಹೊಸ ಆಮ್ಲ ಹುಟ್ಟುವುದಿಲ್ಲ. ಫೊಮೆಪಿಜೋಲ್ ಎಂಬ ಇಂಜೆಕ್ಷನ್ ಅದೇ ಬಾಗಿಲನ್ನು ಇನ್ನೂ ಗಟ್ಟಿಯಾಗಿ ಮುಚ್ಚುತ್ತದೆ. ಅದರಲ್ಲಿ ಅಮಲಿಲ್ಲ, ಸಕ್ಕರೆ ಇಳಿಯುವ ಭಯವೂ ಇಲ್ಲ. ಈ ರೋಗಿಗೆ ಮೊದಲ ಡೋಸ್ 825 ಮಿಲಿಗ್ರಾಂ, ಅಂದರೆ ಕೆಜಿಗೆ 15. ಮೈಸೂರು, ಮಂಗಳೂರು ಎರಡೂ ಕಡೆ ಫೋನ್ ಮಾಡಿದೆ, ಸಿಗಲಿಲ್ಲ.

ಹಾಗಾಗಿ ಹಳೆಯ ದಾರಿಯನ್ನೇ ಹಿಡಿದೆ. ವೈನ್ ಶಾಪಿನಿಂದ ಸೀಲ್ ಒಡೆಯದ ಬ್ರಾಂದಿ ತರಿಸಿದೆ, ಬಾಟಲಿಯ ಮೇಲೆ 42.8% ಎಂದಿತ್ತು. ಅಂದರೆ ಒಂದು ಮಿಲಿಯಲ್ಲಿ ಸುಮಾರು 0.34 ಗ್ರಾಂ ಎಥನಾಲ್. ಕೆಜಿಗೆ 0.8 ಗ್ರಾಂನಂತೆ 44 ಗ್ರಾಂ ಬೇಕು, ಅದಕ್ಕೆ 130 ಮಿಲಿ ಬ್ರಾಂದಿ. ಅಷ್ಟೇ ನೀರು ಬೆರೆಸಿ, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬಿನಲ್ಲಿ ಅರ್ಧ ಗಂಟೆಯಲ್ಲಿ ಹಾಕುವುದು. ಆಮೇಲೆ ದಿನವೂ ಕುಡಿಯುವವನಾದರೆ ಗಂಟೆಗೆ 25 ಮಿಲಿ ಬ್ರಾಂದಿ, ಡಯಾಲಿಸಿಸ್ ನಡೆಯುವಾಗ ಅದರ ಇಮ್ಮಡಿ. ಗಂಟೆಗೊಮ್ಮೆ ಸಕ್ಕರೆ ನೋಡುತ್ತಿರಬೇಕು. ಈ ಲೆಕ್ಕ ನನಗೆ ಬಾಯಿಪಾಠ, ಹಿಂದೆಯೂ ಮಾಡಿದ್ದೆ.

ಸುಮಾರು 50 ಮಿಲಿ ಬ್ರಾಂದಿ ಒಳಗೆ ಹೋಗಿರಬಹುದು, ಹತ್ತು ನಿಮಿಷ. ಸಿಸ್ಟರ್ ಕೂಗಿದರು. ಅವನ ಮುಖ, ಕತ್ತು, ಎದೆ ಕೆಂಪಾಗಿದ್ದವು, ಕಣ್ಣಿನ ಬಿಳಿಭಾಗವೂ ಕೆಂಪು. ತಲೆ ಸಿಡಿಯುತ್ತಿದೆ ಎಂದು ಹಣೆ ಹಿಡಿದುಕೊಂಡ. ನಾಡಿ 136, ಬಿಪಿ 84/50. ಅಲರ್ಜಿಯೇ ಎಂದು ನೋಡಿದೆ. ಮೈಮೇಲೆ ಗಂದೆ ಎದ್ದಿರಲಿಲ್ಲ, ಎದೆಯಲ್ಲಿ ಸುಂಯ್‌ಗುಟ್ಟುವ ಸದ್ದಿರಲಿಲ್ಲ, ತುಟಿ ಊದಿರಲಿಲ್ಲ. ಬರೀ ಕೆಂಪು, ವಾಂತಿ, ಇಳಿಯುತ್ತಿರುವ ಬಿಪಿ. ಟ್ಯೂಬ್ ನಿಲ್ಲಿಸಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಹತ್ತಿರ ಹೋಗಿ ಕೇಳಿದೆ: "ಕುಡಿತ ಬಿಡಿಸೋ ಮಾತ್ರೆ ಏನಾದ್ರೂ ಕೊಡ್ತಿದ್ದೀರೇನಮ್ಮಾ?"

ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈಚೀಲದ ತಳದಿಂದ, ರೇಷನ್ ಕಾರ್ಡಿನೊಳಗೆ ಮಡಚಿಟ್ಟಿದ್ದ ಸ್ಟ್ರಿಪ್ ತೆಗೆದಳು. ಡೈಸಲ್ಫಿರಾಮ್ 250. ಆರು ಮಾತ್ರೆ ಖಾಲಿ. "ಬೆಳಿಗ್ಗೆ ಕಾಫೀಲಿ ಪುಡಿ ಮಾಡಿ ಹಾಕ್ತಿದ್ದೆ ಸಾರ್. ಅವರಿಗೆ ಗೊತ್ತಿಲ್ಲ."

ಎಥನಾಲ್ ಒಡೆದಾಗ ಮೊದಲು ಆಗುವುದು ಅಸಿಟಾಲ್ಡಿಹೈಡ್. ಅದನ್ನು ಕೂಡಲೇ ನಿರುಪದ್ರವಿ ಅಸಿಟೇಟ್ ಮಾಡುವುದು ಎರಡನೆಯ ಕಿಣ್ವ. ಡೈಸಲ್ಫಿರಾಮ್ ಈ ಎರಡನೆಯದನ್ನು ಕೆಡಿಸಿಬಿಡುತ್ತದೆ, ದೇಹ ಹೊಸ ಕಿಣ್ವ ತಯಾರಿಸುವವರೆಗೆ ಸರಿಹೋಗುವುದಿಲ್ಲ. ಹೀಗಾಗಿ ಮಾತ್ರೆ ಬಿಟ್ಟ ಮೇಲೂ ಎರಡು ವಾರ ಅಪಾಯವಿರುತ್ತದೆ. ಮೊದಲ ಬಾಗಿಲು ತೆರೆದು ಎರಡನೆಯದು ಮುಚ್ಚಿದರೆ ನಡುವೆ ಅಸಿಟಾಲ್ಡಿಹೈಡ್ ತುಂಬಿಕೊಳ್ಳುತ್ತದೆ, ರಕ್ತನಾಳ ಹಿಗ್ಗಿಸುತ್ತದೆ. ನಾನು ಔಷಧವೆಂದು ಹಾಕಿದ ಬ್ರಾಂದಿ ಅಲ್ಲಿ ಹೋಗಿ ಸಿಕ್ಕಿಕೊಂಡಿತ್ತು.

ಅವನು ಕ್ಯಾನಿಗೆ ಕೈಹಾಕಿದ್ದೇಕೆ ಎಂಬುದೂ ಆಗ ತಿಳಿಯಿತು. ಆ ವಾರ ಎರಡು ಸಲ ಬ್ರಾಂದಿ ಕುಡಿದು ಮುಖ ಉರಿದು ವಾಂತಿಯಾಗಿತ್ತಂತೆ. ಬ್ರಾಂದಿಯಲ್ಲೇ ಏನೋ ಕೆಟ್ಟಿದೆ ಎಂದುಕೊಂಡ. ಕ್ಯಾನಿನದ್ದು ಕುಡಿದಾಗ ಹಾಗೇನೂ ಆಗಲಿಲ್ಲ. ಆಗುವುದೂ ಇಲ್ಲ, ಏಕೆಂದರೆ ಮೆಥನಾಲ್‌ನಿಂದ ಅಸಿಟಾಲ್ಡಿಹೈಡ್ ಹುಟ್ಟುವುದಿಲ್ಲ, ಫಾರ್ಮಾಲ್ಡಿಹೈಡ್ ಮುಖ್ಯವಾಗಿ ಬೇರೆ ಕಿಣ್ವದಿಂದ ಮುಂದೆ ಸಾಗುತ್ತದೆ. ಡೈಸಲ್ಫಿರಾಮ್ ಅವನನ್ನು ಮೆಥನಾಲ್‌ನಿಂದ ಕಾಪಾಡಲೂ ಇಲ್ಲ, ಎಚ್ಚರಿಸಲೂ ಇಲ್ಲ.

ಫೊಮೆಪಿಜೋಲ್ ಇದ್ದಿದ್ದರೆ ಎರಡು ತೊಂದರೆಗೂ ಒಂದೇ ಇಂಜೆಕ್ಷನ್ ಸಾಕಾಗುತ್ತಿತ್ತು. ಮೊದಲ ಬಾಗಿಲನ್ನೇ ಮುಚ್ಚಿದರೆ ಫಾರ್ಮಿಕ್ ಆಮ್ಲವೂ ಇಲ್ಲ, ಅಸಿಟಾಲ್ಡಿಹೈಡೂ ಇಲ್ಲ. ಅದು ಇಲ್ಲದ ಕಡೆ ಉಳಿದದ್ದು ಡಯಾಲಿಸಿಸ್. ಕಣ್ಣು ಮಂಜಾಗಿ ಪಿಎಚ್ ಇಷ್ಟು ಇಳಿದವನಿಗೆ ಅದು ಹೇಗೂ ಬೇಕಿತ್ತು. ಬ್ರಾಂದಿಯಿಂದ ಹೊಸ ಆಮ್ಲ ನಿಲ್ಲುತ್ತದಷ್ಟೇ, ಆಗಲೇ ಆಗಿರುವ ಆಮ್ಲ ಹಾಗೇ ಇರುತ್ತದೆ. ಬಾಗಿಲು ಮುಚ್ಚಿದ ಮೇಲೆ ಮೆಥನಾಲ್ ಅರ್ಧಕ್ಕೆ ಇಳಿಯಲೇ ಎರಡು ದಿನ ಹಿಡಿಯುತ್ತದೆ. ಯಂತ್ರ ಮೆಥನಾಲ್, ಫಾರ್ಮಿಕ್ ಆಮ್ಲ ಮಾತ್ರವಲ್ಲ, ನಾನು ಹಾಕಿದ ಎಥನಾಲನ್ನೂ ತೆಗೆಯುತ್ತದೆ.

ಹೊಟ್ಟೆಯಲ್ಲಿ ಉಳಿದಿದ್ದನ್ನು ಟ್ಯೂಬಿನಿಂದ ಹೊರತೆಗೆದೆವು. ಸಲೈನ್ ಒಂದು ಲೀಟರ್ ಜೋರಾಗಿ ಬಿಟ್ಟು, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಶುರು ಮಾಡಿ, ಬೈಕಾರ್ಬೊನೇಟ್ ಕೊಟ್ಟೆವು. ಲ್ಯುಕೊವೊರಿನ್ 50 ಮಿಲಿಗ್ರಾಂ ಹಾಕಿದೆ, ಫಾರ್ಮಿಕ್ ಆಮ್ಲವನ್ನು ದೇಹ ಬೇಗ ಕರಗಿಸಲು ಅದು ನೆರವಾಗುತ್ತದೆ. ಆರು ಗಂಟೆಗೆ ಡಯಾಲಿಸಿಸ್ ಶುರುವಾಯಿತು. ಎಂಟೂವರೆಗೆ ಮುಖದ ಕೆಂಪು ಇಳಿದಿತ್ತು. ಎಂಟು ಗಂಟೆ ಯಂತ್ರ ನಡೆಸಿ ನಿಲ್ಲಿಸಿದಾಗ ಪಿಎಚ್ 7.36. ನಿಲ್ಲಿಸಿದ ಮೇಲೂ ಎರಡು ಗಂಟೆಗೊಮ್ಮೆ ರಕ್ತ ನೋಡಿದೆವು, ಉಳಿದ ಮೆಥನಾಲ್‌ನಿಂದ ಆಮ್ಲ ಮತ್ತೆ ಏರಬಹುದೆಂದು. ಏರಲಿಲ್ಲ.

ಹೆಂಡತಿ ಬೆಳಗಿನ ಜಾವದವರೆಗೂ ಬೆಂಚಿನ ಮೇಲೇ ಕೂತಿದ್ದಳು. "ನಾನು ಮಾತ್ರೆ ಹಾಕಿದ್ದಕ್ಕೇ ಕಣ್ಣು ಹೋಯ್ತಾ ಸಾರ್?" ಅಂದಳು. ಕಣ್ಣಿಗೆ ಪೆಟ್ಟು ಕೊಟ್ಟಿದ್ದು ಕ್ಯಾನಿನಲ್ಲಿದ್ದದ್ದು, ಮಾತ್ರೆಯಲ್ಲ ಎಂದೆ. ಆದರೆ ಹೇಳದೆ ಕೊಟ್ಟಿದ್ದು ಅಪಾಯ ಎಂದೂ ಹೇಳಿದೆ. ಹೃದಯದ ತೊಂದರೆ ಇದ್ದವನಾಗಿದ್ದರೆ ಹಿಂದಿನ ಆ ಎರಡು ಸಲದ ಬ್ರಾಂದಿಯಲ್ಲೇ ಜೀವ ಹೋಗಬಹುದಿತ್ತು. ಟ್ಯೂಬ್ ಹಾಕುವ ಮುಂಚೆ ನಾನೂ ಅವಳನ್ನು ಕೇಳಿರಲಿಲ್ಲ, ಅದನ್ನೂ ಅವಳಿಗೆ ಹೇಳಿದೆ.

ಹದಿನೈದು ದಿನದ ನಂತರ ಇಬ್ಬರೂ ಬಂದರು. ಎಡಗಣ್ಣಿನಲ್ಲಿ ಮೂರು ಮೀಟರ್ ದೂರದಿಂದ ನನ್ನ ಬೆರಳು ಎಣಿಸಿದ. ಬಲಗಣ್ಣಿಗೆ ಕೈ ಅಲ್ಲಾಡುವುದಷ್ಟೇ ಕಾಣುತ್ತಿತ್ತು.