ಫೋಟೋದಲ್ಲಿ ತೊನ್ನು, ಕೆನ್ನೆಯ ಮೇಲೆ ಸಿಬ್ಬು

ರಾತ್ರಿ ಎಂಟೂವರೆಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. 9 ವರ್ಷದ ಹುಡುಗ. ಎಡಗೆನ್ನೆಯ ನಡುವೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಮಚ್ಚೆ, ಸುಣ್ಣ ಬಳಿದ ಹಾಗೆ ಬೆಳ್ಳಗೆ, ಅಂಚು ಕತ್ತರಿಸಿಟ್ಟಂತೆ ಸ್ಪಷ್ಟ. ಕಳಿಸಿದವರು ನಮ್ಮ ತಾಲೂಕಿನ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ಕೆಳಗೆ ಒಂದೇ ಸಾಲು: ‘ಮೇಡಂ, ಇದು ತೊನ್ನಾ? ಇವರಮ್ಮ ಕೇಳ್ತಾ ಇದಾರೆ.’

ನಾನು ಚರ್ಮರೋಗ ವೈದ್ಯೆ. ಆ ಹೊತ್ತಿಗೆ ಎರಡು ವರ್ಷದಿಂದ ಹೀಗೆ ಫೋಟೋ ನೋಡಿ ಹೇಳುವುದು ರೂಢಿಯಾಗಿತ್ತು. ‘ಇರಬಹುದು, ಕರೆದುಕೊಂಡು ಬನ್ನಿ’ ಎಂದು ಬರೆದೆ. ‘ಇರಬಹುದು’ ಅನ್ನುವುದು ನನಗೆ ಎಚ್ಚರಿಕೆಯ ಮಾತು. ಆ ಮನೆಯಲ್ಲಿ ಅದು ತೀರ್ಪು. ಬೆಳಿಗ್ಗೆ ಆ ತಾಯಿ ಫೋನ್ ಮಾಡಿದಾಗ ರಾತ್ರಿಯಿಡೀ ಅತ್ತ ದನಿ. ಅಷ್ಟರಲ್ಲಿ ಪಕ್ಕದ ಮನೆಯವರು ಹುಡುಗನಿಗೆ ಹಾಲು, ಮೀನು ಬಿಡಿಸಲು ಹೇಳಿಯೂ ಆಗಿತ್ತು.

ಫೋನ್ ಇಟ್ಟ ಮೇಲೆ ಆ ಫೋಟೋ ಮತ್ತೆ ತೆಗೆದು ನೋಡಿದೆ. ರಾತ್ರಿ ನೋಡಿದ್ದು ಮಚ್ಚೆಯನ್ನು ಮಾತ್ರ. ಈಗ ಮಚ್ಚೆ ಬಿಟ್ಟು ಉಳಿದದ್ದನ್ನು ನೋಡಿದೆ. ಮೂಗಿನ ತುದಿಯೂ ಬೆಳ್ಳಗಿತ್ತು. ಹಣೆಯ ನಡುವೆ ಒಂದು ಬಿಳಿ ಪಟ್ಟಿ. ಹಿಂದಿನ ಗೋಡೆ ಮಾತ್ರ ಕಪ್ಪು ಕತ್ತಲೆ. ಅಂದರೆ ಫ್ಲ್ಯಾಶ್ ಹಾಕಿ, ಮುಖಕ್ಕೆ ತೀರಾ ಹತ್ತಿರ ಹಿಡಿದು ತೆಗೆದ ಚಿತ್ರ. ಜೊತೆಗೆ ಮುಖಕ್ಕೆ ಎಣ್ಣೆ ಬೇರೆ ಹಚ್ಚಿದ್ದಾರೆ. ಮೂಗಿನ ತುದಿ ಬೆಳ್ಳಗೆ ಕಾಣುವ ಫೋಟೋದಲ್ಲಿ ಕೆನ್ನೆ ಬೆಳ್ಳಗಿದೆ ಎಂದು ಹೇಳಲು ನನಗೆ ಯಾವ ಆಧಾರ ಇತ್ತು?

ಇಲ್ಲಿ ನಡೆದದ್ದು ಇಷ್ಟು. ಬಣ್ಣ ಪೂರ್ತಿ ಹೋದ ಚರ್ಮ ಬೇರೆ, ಬಣ್ಣ ಸ್ವಲ್ಪ ತಗ್ಗಿದ ಚರ್ಮ ಬೇರೆ. ತೊನ್ನಿನಲ್ಲಿ ಬಣ್ಣ ಪೂರ್ತಿ ಹೋಗಿರುತ್ತದೆ. ಮಕ್ಕಳ ಕೆನ್ನೆಯಲ್ಲಿ ತೀರಾ ಸಾಮಾನ್ಯವಾದ, ಊರಲ್ಲಿ ಸಿಬ್ಬು ಎಂದು ಕರೆಯುವ, ನಾವು ಪಿಟಿರಿಯಾಸಿಸ್ ಆಲ್ಬಾ ಎನ್ನುವ ಮಚ್ಚೆಯಲ್ಲಿ ಬಣ್ಣ ತಗ್ಗಿರುತ್ತದೆ ಅಷ್ಟೆ. ಕಣ್ಣೆದುರಿಗೆ ಈ ವ್ಯತ್ಯಾಸ ಕಾಣುತ್ತದೆ. ಆದರೆ ಕ್ಯಾಮೆರಾ ಹಿಡಿದಿಡಬಲ್ಲ ಬೆಳಕಿಗೆ ಮೇಲೊಂದು ಮಿತಿ ಇದೆ. ಅದನ್ನು ದಾಟಿದ್ದೆಲ್ಲ ಒಂದೇ ಬಿಳಿ. ಸುತ್ತಲಿನ ಕಂದು ಚರ್ಮ ಮಿತಿಯ ಒಳಗಿದ್ದು, ಸ್ವಲ್ಪವೇ ತಿಳಿಯಾದ ಮಚ್ಚೆ ಮಿತಿ ದಾಟಿದರೆ, ತೆಳು ಬಣ್ಣ ಸುಣ್ಣದ ಬಣ್ಣವಾಗುತ್ತದೆ. ಅಂಚಿನಲ್ಲಿ ನಿಧಾನವಾಗಿ ಕರಗುವ ಬಣ್ಣವೂ ಹಾಗೆಯೇ ಬಿಳಿಯಲ್ಲಿ ಮುಳುಗಿ, ಮಸುಕಾದ ಅಂಚು ಕತ್ತರಿಸಿದಂತೆ ಕಾಣುತ್ತದೆ. ಆ ರಾತ್ರಿ ತೊನ್ನಿನ ಪರವಾಗಿ ನಾನು ಎಣಿಸಿದ ಎರಡೂ ಸಾಕ್ಷಿಗಳು, ಬಿಳುಪು ಮತ್ತು ಅಂಚು, ಫ್ಲ್ಯಾಶ್ ಮಾಡಿದ ಕೆಲಸವೇ ಇರಬಹುದಿತ್ತು.

ದೂರವೂ ಇದಕ್ಕೆ ಕೈಜೋಡಿಸಿತ್ತು. ಫ್ಲ್ಯಾಶ್ ಒಂದು ಪುಟ್ಟ ದೀಪ. ಅದರ ದೂರ ಅರ್ಧಕ್ಕಿಳಿದರೆ ಚರ್ಮದ ಮೇಲೆ ಬೀಳುವ ಬೆಳಕು ಎರಡು ಪಟ್ಟಲ್ಲ, ಹೆಚ್ಚುಕಡಿಮೆ ನಾಲ್ಕು ಪಟ್ಟು. 20 ಸೆಂ.ಮೀ. ದೂರದಲ್ಲಿ ಸರಿಯಿದ್ದ ಬೆಳಕು 10 ಸೆಂ.ಮೀ.ಗೆ ಬಂದಾಗ ಉಬ್ಬಿದ ಕೆನ್ನೆಯನ್ನು ಸುಟ್ಟು, ಹಿಂದಕ್ಕೆ ಸರಿದ ಕಿವಿಯನ್ನು ಕತ್ತಲೆಯಲ್ಲಿ ಬಿಡುತ್ತದೆ. ಒಂದೇ ಮುಖದಲ್ಲಿ ಎರಡು ಬಣ್ಣ.

ಆಶಾಗೆ ಫೋನ್ ಮಾಡಿದೆ. ಬೈಯುವ ಹಾಗಿರಲಿಲ್ಲ. ಹೇಗೆ ತೆಗೆಯಬೇಕೆಂದು ನಾನೇ ಯಾವತ್ತೂ ಹೇಳಿಕೊಟ್ಟಿರಲಿಲ್ಲ.

‘ಅಮ್ಮಾ, ಹುಡುಗನ ಮುಖಕ್ಕೆ ಎಣ್ಣೆ ಹಚ್ಚಿದ್ರಾ?’

‘ಕೊಬ್ಬರಿ ಎಣ್ಣೆ ಮೇಡಂ. ಚರ್ಮ ಒಣಗಿ ಒಡೆದಂಗಿತ್ತು, ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ ಅವರಮ್ಮನೇ ಹಚ್ಚಿದ್ರು.’

‘ಒಣಗಿ ಒಡೆದಂಗಿತ್ತು.’ ನನಗೆ ಬೇಕಾಗಿದ್ದ ಸುಳಿವು ಅದೇ. ಎಣ್ಣೆ ಅದನ್ನೇ ಮುಚ್ಚಿತ್ತು. ಸಣ್ಣ ಹೊಟ್ಟು ಬೆಳ್ಳಗೆ ಕಾಣುವುದು ಅದರ ಪದರಗಳ ನಡುವೆ ಗಾಳಿ ಇರುವುದರಿಂದ. ಎಣ್ಣೆ ಆ ಜಾಗ ತುಂಬಿತೆಂದರೆ ಹೊಟ್ಟು ಚರ್ಮಕ್ಕೆ ಅಂಟಿ ಕಾಣೆಯಾಗುತ್ತದೆ, ಮೇಲೆ ಹೊಳಪು ಬೇರೆ. ತೊನ್ನಿನ ಮಚ್ಚೆಯಲ್ಲಿ ಸಾಮಾನ್ಯವಾಗಿ ಹೊಟ್ಟು ಇರುವುದಿಲ್ಲ, ಚರ್ಮ ನಯವಾಗಿಯೇ ಇರುತ್ತದೆ. ಹಾಗಾಗಿ ಹೊಟ್ಟು ಇದೆಯೋ ಇಲ್ಲವೋ ಅನ್ನುವುದು ಇಲ್ಲಿ ದೊಡ್ಡ ಪ್ರಶ್ನೆ.

ಅವತ್ತು ನಾನು ಹೇಳಿದ ಕ್ರಮವನ್ನೇ ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಒದ್ದೆ ಬಟ್ಟೆಯಲ್ಲಿ ಮುಖವನ್ನು ಮೆತ್ತಗೆ ಒತ್ತಿ ಒರೆಸಿ, ಉಜ್ಜಬೇಡಿ. ಉಜ್ಜಿದರೆ ಹೊಟ್ಟು ಉದುರಿ ಹೋಗುತ್ತದೆ, ಚರ್ಮ ಕೆಂಪಾಗುತ್ತದೆ. ಅರ್ಧ ಗಂಟೆ ಒಣಗಲು ಬಿಡಿ. ಪೌಡರ್, ವಿಭೂತಿ ಬೇಡ. ಆಮೇಲೆ ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ನೇರ ಬಿಸಿಲು ಬೀಳದ ಹಾಗೆ. ಫ್ಲ್ಯಾಶ್ ಆರಿಸಿ. ಸೆಲ್ಫಿ ಕ್ಯಾಮೆರಾ ಬೇಡ, ಹಿಂದಿನದು ಸಾಕು. ಬ್ಯೂಟಿ ಮೋಡ್ ಆನ್ ಇದ್ದರೆ ತೆಗೆದುಹಾಕಿ. ಅದರ ಕೆಲಸವೇ ಚರ್ಮವನ್ನು ನಯ ಮಾಡುವುದು, ನನಗೆ ಬೇಕಾದ ಹೊಟ್ಟು ಅದರ ಕಣ್ಣಿಗೆ ಕಸ.

ದೂರ ಎಷ್ಟು ಎನ್ನುವುದಕ್ಕೆ ಸೆಂಟಿಮೀಟರ್ ಲೆಕ್ಕ ಹೇಳಿ ಪ್ರಯೋಜನ ಇಲ್ಲ. ‘ಒಂದು ಗೇಣು’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಕೆನ್ನೆಗೂ ಫೋನಿಗೂ ನಡುವೆ ಒಂದು ಗೇಣು ಇರಲಿ, ನಾಲ್ಕು ಬೆರಳಿಗಿಂತ ಹತ್ತಿರ ಒಯ್ಯಲೇಬೇಡಿ. ತೀರಾ ಹತ್ತಿರದ ವಸ್ತುವಿನ ಮೇಲೆ ಬಹಳಷ್ಟು ಫೋನುಗಳ ಮುಖ್ಯ ಕ್ಯಾಮೆರಾ ಫೋಕಸ್ ಹಿಡಿಯಲಾರದು. ದೊಡ್ಡದಾಗಿ ಕಾಣಲಿ ಎಂದು ಹತ್ತಿರ ಹೋದಷ್ಟೂ ಮಚ್ಚೆ ದೊಡ್ಡದಾಗುತ್ತದೆ, ವಿವರ ಅಳಿಸುತ್ತದೆ. ಮೇಲಾಗಿ ಫೋನಿನ ನೆರಳೇ ಕೆನ್ನೆ ಮೇಲೆ ಬೀಳುತ್ತದೆ. ಗೇಣು ದೂರದಿಂದ ತೆಗೆದ ಸ್ಪಷ್ಟ ಚಿತ್ರವನ್ನು ನಾನು ಇಲ್ಲಿ ಹಿಗ್ಗಿಸಿಕೊಳ್ಳಬಲ್ಲೆ. ಮಸುಕಾದದ್ದನ್ನು ಯಾರೂ ಸ್ಪಷ್ಟ ಮಾಡಲಾರರು.

ಇನ್ನೊಂದು: ಮಚ್ಚೆಯ ಪಕ್ಕ, ಅದೇ ಮಟ್ಟದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಬಿಳಿ ಕಾಗದದ ಚೂರು ಹಿಡಿಯಿರಿ. ಚೂರು ಚಿಕ್ಕದಿರಬೇಕು. ಇಡೀ ಹಾಳೆ ಹಿಡಿದರೆ ಕ್ಯಾಮೆರಾ ಅದರ ಬೆಳಕನ್ನೇ ಲೆಕ್ಕಕ್ಕೆ ತೆಗೆದುಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ಸ್ಕ್ರೀನಿನಲ್ಲಿ ಮಚ್ಚೆಯ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಕೂಡಿಸಿ. ಬೆಳಕು ಹೆಚ್ಚಾದರೆ ಅಲ್ಲೇ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕಳಿಸುವಾಗ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಾಗಿ ಕಳಿಸಿದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಸಣ್ಣ ಹೊಟ್ಟು ಅಲ್ಲೇ ಸೋರಿಹೋಗುತ್ತದೆ.

ಮಧ್ಯಾಹ್ನ ಮೂರು ಚಿತ್ರ ಬಂದವು. ಮೊದಲನೆಯದು ಎರಡು ಗೇಣು ದೂರದಿಂದ, ಇಡೀ ಮುಖ. ರಾತ್ರಿಯ ಚಿತ್ರದಲ್ಲಿ ಒಂದೇ ಒಂದು ಮಚ್ಚೆ ಇತ್ತು. ಇದರಲ್ಲಿ ಬಲಗೆನ್ನೆಯಲ್ಲೂ ಒಂದು, ಗದ್ದದ ಮೇಲೆ ತೀರಾ ತೆಳುವಾದ ಮತ್ತೊಂದು. ಹತ್ತಿರದ ಚಿತ್ರ ಎಷ್ಟೇ ಚೆನ್ನಾಗಿರಲಿ, ಮಚ್ಚೆಗಳು ಎಲ್ಲೆಲ್ಲಿ ಹರಡಿವೆ ಎನ್ನುವುದನ್ನು ಅದು ಹೇಳುವುದಿಲ್ಲ.

ಎರಡನೆಯದು ಒಂದು ಗೇಣು ದೂರದ್ದು. ನೋಡುವ ಮೊದಲು ಫೋಕಸ್ ಎಲ್ಲಿ ಕೂತಿದೆ ಎಂದು ಹುಡುಕಿದೆ. ಕಿವಿಯ ಮುಂದಿನ ಕೂದಲೆಳೆಗಳು ಒಂದೊಂದೂ ಬಿಡಿಬಿಡಿ, ಕೆನ್ನೆ ಮಾತ್ರ ಮಂಜು. ಫೋಕಸ್ ಹಿಂದಕ್ಕೆ ಹೋಗಿತ್ತು. ಚಿತ್ರದಲ್ಲಿ ಎಲ್ಲೋ ಒಂದು ಕಡೆ ಸ್ಪಷ್ಟವಿದ್ದರೆ ಅದು ಫೋಕಸಿನ ತಪ್ಪು. ಎಲ್ಲೂ ಸ್ಪಷ್ಟವಿಲ್ಲದೆ, ಪ್ರತಿ ಗೆರೆಯೂ ಒಂದೇ ದಿಕ್ಕಿಗೆ ಎಳೆದುಕೊಂಡಿದ್ದರೆ ಕೈ ನಡುಗಿದೆ ಅಥವಾ ಮಗು ಅಲುಗಾಡಿದೆ. ಎರಡಕ್ಕೂ ಮದ್ದು ಬೇರೆ, ಅದಕ್ಕೇ ಈ ವಿಂಗಡಣೆ. ಇಂಥ ಮಂಜಿನ ಕೆನ್ನೆ ನೋಡಿ ‘ಹೊಟ್ಟು ಇಲ್ಲ’ ಎಂದು ಬರೆಯುವುದು ಸುಲಭ. ಕಾಣಲಿಲ್ಲ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಕಲಿಯಲು ನನಗೆ ಆ ಹಿಂದಿನ ರಾತ್ರಿಯೇ ಬೇಕಾಯಿತು.

ಮೂರನೆಯದು ಸಿಕ್ಕಿತು. ಹುಡುಗ ಕಿಟಕಿಗೆ ಪಕ್ಕವಾಗಿ ಕೂತಿದ್ದ, ಬೆಳಕು ಕೆನ್ನೆಯನ್ನು ಓರೆಯಾಗಿ ಸವರಿಕೊಂಡು ಹೋಗುತ್ತಿತ್ತು. ಮಚ್ಚೆಯ ಮೇಲೆ ಹಿಟ್ಟು ಉದುರಿದಂಥ ಸಣ್ಣ ಹೊಟ್ಟು, ಪ್ರತಿ ಚೂರಿಗೂ ಕೂದಲಿನಷ್ಟು ನೆರಳು. ಫ್ಲ್ಯಾಶ್ ಲೆನ್ಸಿನ ಪಕ್ಕದಿಂದಲೇ ಬರುವುದರಿಂದ ನೆರಳೆಲ್ಲ ಚೂರಿನ ಹಿಂದೆ ಅಡಗುತ್ತದೆ. ಓರೆ ಬೆಳಕಿನಲ್ಲಿ ಅದು ಹೊರಗೆ ಬೀಳುತ್ತದೆ. ಹುಳುಕಡ್ಡಿಯ ಉಬ್ಬಿದ ಅಂಚು ಕಾಣಬೇಕಾದರೂ ಇದೇ ಬೆಳಕು ಬೇಕು. ಆದರೆ ಓರೆ ಬೆಳಕಿಗೂ ಒಂದು ಚಾಳಿ ಇದೆ: ಆರೋಗ್ಯವಾದ ಚರ್ಮದ ರಂಧ್ರಗಳನ್ನೂ ಗುಳ್ಳೆಗಳಂತೆ ತೋರಿಸುತ್ತದೆ. ಹಾಗಾಗಿ ಪಕ್ಕದ ಒಳ್ಳೆಯ ಚರ್ಮವೂ ಚಿತ್ರದಲ್ಲಿ ಇರಬೇಕು, ಎರಡನ್ನೂ ಹೋಲಿಸಬೇಕು.

ಕಾಗದದ ಚೂರು ಕಾಗದದಂತೆಯೇ ಇತ್ತು. ಅದರ ಮೇಲಿನ ನೀಲಿ ಗೆರೆ ಕಾಣುತ್ತಿತ್ತು, ಅಂದರೆ ಬೆಳಕು ಮಿತಿ ದಾಟಿಲ್ಲ. ಅದರ ಪಕ್ಕ ಮಚ್ಚೆ ಹಾಲುಬಿಳುಪಲ್ಲ, ತಿಳಿಕಂದು. ಅಂಚು ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ತಾಯಿಗೆ ಫೋನ್ ಮಾಡಿ ‘ತೊನ್ನಿನ ಹಾಗೆ ಕಾಣ್ತಾ ಇಲ್ಲಮ್ಮ, ನಾನು ರಾತ್ರಿ ಆತುರಪಟ್ಟೆ’ ಎಂದೆ. ಆದರೂ ಕರೆದುಕೊಂಡು ಬರಲು ಹೇಳಿದೆ. ಅದಕ್ಕೆ ಕಾರಣ ಇತ್ತು. ತಿಳಿ ಬಣ್ಣದ ಮಚ್ಚೆ ಕುಷ್ಠದಲ್ಲೂ ಬರುತ್ತದೆ, ಮತ್ತು ಸ್ಪರ್ಶ ಯಾವ ಫೋಟೋದಲ್ಲೂ ಕಾಣುವುದಿಲ್ಲ. ಬಂದಾಗ ಸ್ಪರ್ಶ ನೋಡಿದೆ. ಮುಖದ ಮಚ್ಚೆಯಲ್ಲಿ ಸ್ಪರ್ಶ ಸರಿಯಿದೆ ಎಂದ ಮಾತ್ರಕ್ಕೆ ಪೂರ್ತಿ ನೆಚ್ಚಲಾಗದು, ಹಾಗಾಗಿ ಕತ್ತಿನ ಪಕ್ಕದ ಮತ್ತು ಮೊಣಕೈ ಹಿಂದಿನ ನರಗಳನ್ನೂ ಮುಟ್ಟಿ ನೋಡಿದೆ, ದಪ್ಪವಾಗಿರಲಿಲ್ಲ. ಕತ್ತಲು ಮಾಡಿ ವುಡ್ಸ್ ದೀಪ ಹಿಡಿದೆ. ತೊನ್ನಾಗಿದ್ದರೆ ನೀಲಿ ಬೆರೆತ ಬಿಳುಪಿನಲ್ಲಿ ಝಗ್ ಎನ್ನಬೇಕಿತ್ತು, ಎನ್ನಲಿಲ್ಲ. ತೇವ ಉಳಿಸುವ ಕ್ರೀಮ್ ಬರೆದುಕೊಟ್ಟು, ಬಣ್ಣ ಮರಳಲು ತಿಂಗಳುಗಳೇ ಬೇಕು ಎಂದು ಹೇಳಿ ಕಳಿಸಿದೆ. ಹಾಲು, ಮೀನು ಎರಡೂ ತಿನ್ನಬಹುದು ಎಂದೂ ಚೀಟಿಯ ಮೇಲೆ ಬರೆದೆ, ಪಕ್ಕದ ಮನೆಯವರಿಗೆ ತೋರಿಸಲು.

ಎರಡು ತಿಂಗಳಾದ ಮೇಲೆ ಆಶಾ ಇನ್ನೊಂದು ಚಿತ್ರ ಕಳಿಸಿದರು. ‘ಪೂರ್ತಿ ಹೋಗಿದೆ ಮೇಡಂ!’ ಅದೇ ಕಿಟಕಿ, ಅದೇ ಗೇಣು, ಕಾಗದದ ಚೂರೂ ಇತ್ತು. ಮಚ್ಚೆ ನಿಜವಾಗಿಯೂ ಕಾಣುತ್ತಿರಲಿಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದೆ. ಹಳೆಯದರಲ್ಲಿ ಬಿಳಿ ಇದ್ದ ಕಾಗದ ಹೊಸದರಲ್ಲಿ ಬೂದಿ ಬಣ್ಣ. ಹುಡುಗನ ಕಿವಿಯೂ ಒಂದು ಪಟ್ಟು ಕಪ್ಪು. ಚಿತ್ರ ತೆಗೆದದ್ದು ಸಂಜೆ ಆರಕ್ಕೆ.

‘ನಾಳೆ ಬೆಳಿಗ್ಗೆ ಹತ್ತಕ್ಕೆ ಇನ್ನೊಂದು ತೆಗಿರಮ್ಮ’ ಎಂದೆ. ಮರುದಿನದ ಚಿತ್ರದಲ್ಲಿ ಹೊಟ್ಟು ಹೋಗಿತ್ತು. ಮಚ್ಚೆ ಅರ್ಧಕ್ಕರ್ಧ ತೆಳುವಾಗಿ ಇನ್ನೂ ಅಲ್ಲೇ ಇತ್ತು.