ಮಳೆಮಾಪಕದ ಫೋಟೊ ನೋಡಿ ಚಾವಣಿಯ ನೀರನ್ನು ಲೀಟರಿನಲ್ಲಿ ಲೆಕ್ಕ ಹಾಕುವುದು ಹೇಗೆ?

ಮಳೆ ನಿಂತ ಮೇಲೆ ಮಳೆಮಾಪಕದ ಫೋಟೊ ತೆಗೆದು, ‘ಚಾವಣಿಯಿಂದ ಎಷ್ಟು ಲೀಟರ್ ಬಂದಿರಬಹುದು?’ ಅಂತ ನನ್ನನ್ನು ಕೇಳುವವರು ಬಹಳ. ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಗುಣಿಸಿದರೆ ಮುಗಿಯಿತು, ಅಲ್ವಾ? ಆದರೆ ಬಹುತೇಕರು ಎಡವುವುದು ಗುಣಾಕಾರಕ್ಕೂ ಮೊದಲೇ, ಫೋಟೊದಲ್ಲಿ ನೀರಿನ ಮಟ್ಟ ಓದುವಾಗ.

ಮೊದಲು ಮಾಪಕ ಖಾಲಿ ಇತ್ತಾ ನೋಡಿಕೊಳ್ಳಿ. ನಿನ್ನೆಯ ನೀರು ಉಳಿದಿದ್ದರೆ ಅಷ್ಟನ್ನು ಕಳೆಯಿರಿ.

ಈಗ ಫೋಟೊವನ್ನು ದೊಡ್ಡದು ಮಾಡಿ ನೋಡಿ. ನೀರಿನ ಮೇಲ್ಮೈ ಒಂದೇ ಗೆರೆಯ ಹಾಗೆ ಕಂಡರೆ ಕ್ಯಾಮೆರಾ ನೀರಿನ ಮಟ್ಟದಲ್ಲೇ ಇತ್ತು ಅಂತ ಅರ್ಥ. ಮೊಟ್ಟೆಯಾಕಾರದಲ್ಲಿ ಕಂಡರೆ ಮೇಲಿನಿಂದಲೋ ಕೆಳಗಿನಿಂದಲೋ ತೆಗೆದಿದ್ದಾರೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಆ ಮೊಟ್ಟೆಗೆ ಎರಡು ಅಂಚು. ಮೇಲಿರುವುದು ಕೊಳವೆಯ ಹಿಂಬದಿಯದು, ಕೆಳಗಿರುವುದು ನಿಮ್ಮ ಕಡೆಯದು. ಕಣ್ಣು ಸುಮ್ನೆ ಮೇಲಿನ ಅಂಚಿಗೇ ಹೋಗುತ್ತದೆ, ಅಂಕಿ ಜಾಸ್ತಿ ಬರುತ್ತದೆ. ಗೆರೆಗಳು ಕೊಳವೆಯ ಮುಂಭಾಗದಲ್ಲಿದ್ದರೆ ಮುಂದಿನ ಅಂಚನ್ನೇ ಓದಬೇಕು, ಯಾಕೆಂದರೆ ನೀರು ಆ ಗೆರೆಗಳಿಗೆ ತಾಗಿರುವುದು ಅಲ್ಲಿ ಮಾತ್ರ. ಗೆರೆಗಳು ಹಿಂಬದಿಯಲ್ಲಿದ್ದರೆ ಹಿಂದಿನ ಅಂಚು.

ಒಂದು ಫೋಟೊ ತೆಗೆದುಕೊಳ್ಳೋಣ. ಹಿಂದಿನ ಅಂಚು 26ರ ಗೆರೆಗೆ ಸರಿಯಾಗಿ ಕಾಣುತ್ತಿದೆ. ಮುಂದಿನ ಅಂಚು 20 ಮತ್ತು 25ರ ಗೆರೆಗಳ ನಡುವೆ ಇದೆ, ಚಿಕ್ಕ ಗೆರೆಗಳು ಮಸುಕು. ಇಂಥ ಕಡೆ ಅಂದಾಜು ಬೇಡ, ಅಳೆಯಿರಿ. ಫೋಟೊ ಎಡಿಟರಿನಲ್ಲಿ 20ರ ಗೆರೆ 1840ನೇ ಪಿಕ್ಸೆಲ್ ಸಾಲಿನಲ್ಲಿದೆ, 25ರದು 1390ರಲ್ಲಿ, ನೀರಿನ ಅಂಚು 1516ರಲ್ಲಿ. ಎರಡು ಗೆರೆಗಳ ನಡುವೆ 450 ಪಿಕ್ಸೆಲ್, ನೀರು ಏರಿದ್ದು 324.

```
20 + 5 × 324 / 450 = 23.6
```

ಯಾವಾಗಲೂ ನೀರಿಗೆ ಹತ್ತಿರದ ಎರಡು ಗೆರೆಗಳನ್ನೇ ಹಿಡಿಯಿರಿ. ಕೆಳಗೆ ಕಿರಿದಾಗುತ್ತಾ ಹೋಗುವ ಮಾಪಕಗಳಲ್ಲಿ ಗೆರೆಗಳ ಅಂತರ ಒಂದೇ ಸಮ ಇರುವುದಿಲ್ಲ. ಇನ್ನೊಂದು ವಿಷಯ, ನೀರು ಗೋಡೆಗೆ ಅಂಟಿ ಸ್ವಲ್ಪ ಮೇಲೇರಿರುತ್ತದೆ, ಓದಬೇಕಾದ್ದು ಆ ಬಾಗಿನ ತಳ. ನಮ್ಮ ಮಾಪಕದಲ್ಲಿ ಅಗಲ ಬಾಯಿಯ ಮಳೆ ಸಣ್ಣ ಕೊಳವೆಗೆ ಇಳಿದು ಹತ್ತು ಪಟ್ಟು ಎತ್ತರವಾಗಿ ಕಾಣುತ್ತದೆ, ಹಾಗಾಗಿ 0.2 ಕಳೆದರೆ ಸಾಕು. 23.4 ಮಿಲಿಮೀಟರ್.

ಇಂಥ ಮಾಪಕದ ಒಳಕೊಳವೆ ತುಂಬಿದಂತೆ ಕಂಡರೆ ಆ ಫೋಟೊವನ್ನು ನಂಬಬೇಡಿ. ಉಕ್ಕಿದ ನೀರು ಹೊರಗಿನ ಡಬ್ಬಿಯಲ್ಲಿರುತ್ತದೆ, ಅದನ್ನೂ ಕೊಳವೆಗೆ ಸುರಿದು ಅಳೆದು ಕೂಡಿಸಬೇಕು. ಗೆರೆಗಳ ಸ್ಟಿಕರ್ ಅಂಟಿಸಿದ ಮಾಪಕ ಕೊಳ್ಳಲೇಬೇಡಿ. ಬಿಸಿಲಿಗೆ ಅದು ಸುಲಿದು ಜಾರುತ್ತದೆ, ಜಾರಿದ್ದು ಫೋಟೊದಲ್ಲಿ ಗೊತ್ತೇ ಆಗುವುದಿಲ್ಲ. ಫೋಟೊ ತೆಗೆಯುವವರು ನೀವೇ ಆದರೆ ಮೊಣಕಾಲೂರಿ, ಎರಡು ಮೀಟರ್ ಹಿಂದೆ ಸರಿದು ಜೂಮ್ ಮಾಡಿ. ಹತ್ತಿರ ಹೋದಷ್ಟೂ ಮೊಟ್ಟೆ ದೊಡ್ಡದಾಗುತ್ತದೆ.

ಇನ್ನು ಚಾವಣಿ. ಇಳಿಜಾರಿನ ಉದ್ದ ಅಳೆಯಬೇಡಿ. ಮಳೆಗೆ ಸಿಗುವುದು ಚಾವಣಿಯ ನೆರಳಿನಷ್ಟು ಜಾಗ, ಅಂದರೆ ಸೂರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನೆಲದ ಮೇಲೆ ಅಳೆದದ್ದು. ನಮ್ಮದು ಎರಡೂ ಕಡೆ ಇಳಿಜಾರಿರುವ ತಗಡಿನ ಚಾವಣಿ, ನೆಲದ ಅಳತೆ 9 ಮೀಟರ್ ಉದ್ದ, 6 ಮೀಟರ್ ಅಗಲ, 54 ಚದರ ಮೀಟರ್. ಪೈಪಿಗೆ ನೀರು ಸೇರದ ಭಾಗವಿದ್ದರೆ ಬಿಟ್ಟುಬಿಡಿ.

```
54 × 23.4 = 1263.6
```

ಸುಮಾರು 1264 ಲೀಟರ್ ಬಿತ್ತು. ಹಿಂದಿನ ಅಂಚು ಓದಿದ್ದರೆ 1404 ಆಗುತ್ತಿತ್ತು, 140 ಲೀಟರ್ ಸುಳ್ಳು ನೀರು.

ಬಿದ್ದದ್ದೆಲ್ಲ ತೊಟ್ಟಿಗೆ ಬರುವುದಿಲ್ಲ. ಚಾವಣಿ ಒದ್ದೆಯಾಗಲು, ಸಿಡಿದು, ಸೋರಿ ಒಂದಷ್ಟು ಹೋಗುತ್ತದೆ. ತಗಡಿಗೆ ನಾನು 0.85ರಿಂದ ಗುಣಿಸುತ್ತೇನೆ, ಸುಮಾರು 1074 ಲೀಟರ್ ಬರುತ್ತದೆ. ಒಂದೆರಡು ಮಿಲಿಮೀಟರಿನ ತುಂತುರಿಗೆ ಈ ಲೆಕ್ಕ ಹಾಕಬೇಡಿ, ಅದರಲ್ಲಿ ಹೆಚ್ಚಿನದು ಚಾವಣಿಯಲ್ಲೇ ಒಣಗುತ್ತದೆ.

ಸರಿಯೋ ತಪ್ಪೋ ತೊಟ್ಟಿಯಲ್ಲೇ ನೋಡಬಹುದು. 1.2 ಮೀಟರ್ ಅಗಲದ ದುಂಡು ತೊಟ್ಟಿಯಲ್ಲಿ ನೀರು ಒಂದು ಸೆಂಟಿಮೀಟರ್ ಏರಿದರೆ 11.3 ಲೀಟರ್. ಅಂದರೆ ಮಟ್ಟ ಸುಮಾರು 95 ಸೆಂಟಿಮೀಟರ್ ಏರಿರಬೇಕು. ಬರೀ 80 ಏರಿದ್ದರೆ ಫೋಟೊವನ್ನು ಇನ್ನೊಮ್ಮೆ ಓದಿ. ಆಗಲೂ 23.4 ಬಂದರೆ ಏಣಿ ಹತ್ತಿ ದಂಬೆ ನೋಡಿ, ಎಲೆ ಕಟ್ಟಿಕೊಂಡು ನೀರು ಅಂಚಿನಿಂದ ಹೊರಗೆ ಚೆಲ್ಲುತ್ತಿರುತ್ತದೆ.