ಇನ್ನೂರು ರೂಪಾಯಿ ಚಿಪ್‌ನಲ್ಲಿ 2048 ಬಿಟ್ ಸಹಿ: ನನ್ನ ಅನುಭವ

ಅಡಿಕೆ ತೂಕದ ಪೆಟ್ಟಿಗೆಗೆ ಡಿಜಿಟಲ್ ಸಹಿ ಹಾಕಿಸ್ತೇನೆ ಅಂದಾಗ ಶಿರಸಿಯ ನಮ್ಮ ಎಲೆಕ್ಟ್ರಾನಿಕ್ಸ್ ಬಳಗದಲ್ಲಿ ಎಲ್ಲರೂ ನಕ್ಕರು. ನನ್ನ ಹತ್ತಿರ ಇದ್ದದ್ದು ATmega328P ಅನ್ನೋ ಪುಟ್ಟ ಮೈಕ್ರೋಕಂಟ್ರೋಲರ್. 16 ಮೆಗಾಹರ್ಟ್ಸ್, ಎರಡು ಕೆಬಿ ರ್‍ಯಾಮ್. "ಇದ್ರಲ್ಲಿ ಆರ್‌ಎಸ್‌ಎ ಓಡೋದಿಲ್ಲ ಮಾರಾಯ, ಹೊಸ ಚಿಪ್ ತಗೋ" ಅಂದರು. ಆದರೆ ಒಂದಕ್ಕೆ ಸುಮಾರು ₹200 ಕೊಟ್ಟು ನಲವತ್ತು ಚಿಪ್ ಆಗಲೇ ತಂದಾಗಿತ್ತು. ಬೋರ್ಡೂ ಅದಕ್ಕೇ ಮಾಡಿಸಿದ್ದೆ. ಬಿಸಾಡೋದು ಹೇಗೆ?

ಕೆಲಸ ಇಷ್ಟೇ. ಸಂಜೆ ಅಂಗಡಿ ಮುಚ್ಚುವಾಗ ದಿನದ ಒಟ್ಟು ತೂಕಕ್ಕೆ ಒಂದು ಸಹಿ. ಆರ್‌ಎಸ್‌ಎಯಲ್ಲಿ ಸಹಿ ಅಂದರೆ, ತೂಕದಿಂದ ಮಾಡಿದ ಸಂಖ್ಯೆ m ಅನ್ನು ಗುಟ್ಟಿನ ಕೀ d ಘಾತಕ್ಕೆ ಏರಿಸಿ, ಎಲ್ಲರಿಗೂ ಗೊತ್ತಿರುವ n ನಿಂದ ಭಾಗಿಸಿದ ಶೇಷ. ಮೂರೂ 2048 ಬಿಟ್ ಸಂಖ್ಯೆಗಳು. d ಸಲ ಗುಣಿಸುತ್ತ ಕೂತರೆ ಸೂರ್ಯ ಆರಿಹೋದರೂ ಮುಗಿಯೋದಿಲ್ಲ. ವರ್ಗ ಮಾಡುತ್ತ ಹೋದರೆ d ಯ ಪ್ರತಿ ಬಿಟ್ಟಿಗೆ ಒಂದು ವರ್ಗ, ಬಿಟ್ 1 ಇದ್ದಲ್ಲಿ ಇನ್ನೊಂದು ಗುಣಾಕಾರ. ಬಿಟ್ಟುಗಳಲ್ಲಿ ಅರ್ಧದಷ್ಟು 1 ಇರ್ತವೆ, ಹಾಗಾಗಿ ಎಲ್ಲ ಸೇರಿ ಮೂರು ಸಾವಿರ ಚಿಲ್ಲರೆ.

ಮೊದಲ ಪ್ರಯತ್ನದಲ್ಲಿ ಚಿಪ್ ಸುಮ್ನೆ ರೀಸೆಟ್ ಆಗುತ್ತಿತ್ತು. ಎರಡು ದಿನ ಪವರ್ ಸಪ್ಲೈ ಮೇಲೆ ಅನುಮಾನ ಪಟ್ಟೆ. ತಪ್ಪು ನನ್ನದೇ. ಶೇಷ ತೆಗೆಯುವ ಕೆಲಸ ನಿಧಾನ ಅಂತ ನಾಲ್ಕು ವರ್ಗಕ್ಕೊಮ್ಮೆ ತೆಗೆಯೋಣ ಎಂದುಕೊಂಡಿದ್ದೆ. ವರ್ಗ ಮಾಡಿದಾಗಲೆಲ್ಲ ಸಂಖ್ಯೆಯ ಉದ್ದ ಎರಡು ಪಟ್ಟು. 256 ಬೈಟ್ ಇದ್ದದ್ದು 512, ಆಮೇಲೆ 1024, ಮೂರನೇ ವರ್ಗಕ್ಕೆ 2048. ಇಡೀ ರ್‍ಯಾಮ್ ಅಲ್ಲಿಗೆ ಮುಗೀತು. ಪ್ರತಿ ಹೆಜ್ಜೆಗೂ ಶೇಷ ತೆಗೆದರೆ ಹೆಜ್ಜೆಯ ಕೊನೆಗೆ 256 ದಾಟೋದೇ ಇಲ್ಲ.

ಆಮೇಲೆ ಬುದ್ಧಿ ಬಂದು ಸಣ್ಣ ಸಂಖ್ಯೆಯಿಂದ ಶುರು ಮಾಡಿದೆ. n = 143, d = 113, m = 50. 113 ಎಂದರೆ ಬೈನರಿಯಲ್ಲಿ 1110001. ಪ್ರತಿ ಹೆಜ್ಜೆಗೂ 143 ರಿಂದ ಭಾಗಿಸಿದ ಶೇಷ. ಮೊದಲ 1 ಕ್ಕೆ 50. ಮುಂದಿನ 1: ವರ್ಗ ಮಾಡಿದರೆ 69, 50 ರಿಂದ ಗುಣಿಸಿದರೆ 18. ಮತ್ತೆ 1: 38, ಆಮೇಲೆ 41. ಮೂರು ಸೊನ್ನೆಗೆ ಬರೀ ವರ್ಗ: 108, 81, 126. ಕೊನೆಯ 1: ವರ್ಗ 3, ಗುಣಿಸಿದರೆ 7. ಒಂಬತ್ತೇ ಹೆಜ್ಜೆ. ಈ ಕೀಗೆ ಜೋಡಿಯಾದ ಪರೀಕ್ಷೆಯ ಘಾತ 17. ಉತ್ತರ ಸರಿ ಅಂತ ನೋಡಲು 7 ರ 17ನೇ ಘಾತ ಮಾಡಿ 143 ರಿಂದ ಶೇಷ ತೆಗೆಯಿರಿ, 50 ವಾಪಸ್ ಬರಬೇಕು. ಈ ಸಾಲು ಕಾಗದದಲ್ಲಿ ಬರೆದು ಮೇಜಿಗೆ ಅಂಟಿಸಿದ್ದೆ. ಚಿಪ್ ಎಲ್ಲಿ ಎಡವಿತು ಅಂತ ಒಂದೊಂದೇ ಸಂಖ್ಯೆ ಹೋಲಿಸಿ ಹಿಡಿದೆ.

ಸಿ ಭಾಷೆಯಲ್ಲಿ ಬರೆದಾಗ ಒಂದು ಸಹಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಗುಣಾಕಾರದ ಒಳಗಿನ ಲೂಪನ್ನು ಅಸೆಂಬ್ಲಿಗೆ ಇಳಿಸಿ, ಭಾಗಾಕಾರ ಬಿಟ್ಟು ಮಾಂಟ್ಗೊಮರಿ ವಿಧಾನ ಹಾಕಿದ ಮೇಲೆ ಆರು ನಿಮಿಷ. ಒಂದು ಕವಳ ಹಾಕಿ ಶಟರ್ ಎಳೆಯುವಷ್ಟು ಹೊತ್ತು. ಆ ಲೂಪಿನಲ್ಲಿ ಯಾವ ರಿಜಿಸ್ಟರ್ ಎಲ್ಲಿಟ್ಟೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಚಿಪ್ ಸತ್ತಿಲ್ಲ ಅಂತ ಗೊತ್ತಾಗಲಿ ಎಂದು ಪ್ರತಿ ಬಿಟ್ಟಿಗೆ ಒಮ್ಮೆ ಎಲ್‌ಇಡಿ ಮಿನುಗಿಸುತ್ತಿದ್ದೆ. ನಮ್ಮನೆಗೆ ಬಂದಿದ್ದ ಅಳಿಯ ಮೊಬೈಲಲ್ಲಿ ವಿಡಿಯೋ ಮಾಡಿಕೊಂಡ. ಸಂಜೆ ಬಂದು, "ಮಾವಾ, ನಿನ್ನ ಕೀ ಎಲ್ಲಾ ಲೈಟಲ್ಲೇ ಕಾಣ್ತು" ಅಂದ. ಹೌದಲ್ವಾ! ಬಿಟ್ 0 ಇದ್ದರೆ ಒಂದೇ ಗುಣಾಕಾರ, ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಸಮಯ. 1 ಇದ್ದರೆ ಅದರ ಎರಡು ಪಟ್ಟು. ಮಿನುಗಿನ ನಡುವಿನ ಅಂತರ ಬರೆದುಕೊಂಡರೆ ಗುಟ್ಟಿನ d ಪೂರ್ತಿ ಕೈಗೆ ಬಂತು. ಎಲ್‌ಇಡಿ ಕಿತ್ತರೂ ಸಾಲದು, ಚಿಪ್ ಎಳೆಯುವ ಕರೆಂಟ್ ನೋಡಿಯೂ ಇದನ್ನೇ ಓದಬಹುದು. ಲೆಕ್ಕಕ್ಕೆ ಹಿಡಿಯುವ ಹೊತ್ತು ನೋಡಿ ಕೀ ಕದಿಯಬಹುದು ಅಂತ ಪಾಲ್ ಕೋಚರ್ 1996 ರಲ್ಲೇ ತೋರಿಸಿದ್ದರು. ಓದಿದ್ದೆ, ನನಗಲ್ಲ ಅಂದುಕೊಂಡಿದ್ದೆ.

ಪರಿಹಾರ ಮಾಂಟ್ಗೊಮರಿ ಏಣಿ. ಬಿಟ್ ಯಾವುದೇ ಇರಲಿ, ಒಂದು ಗುಣಾಕಾರ, ಒಂದು ವರ್ಗ:

```
a, b = 1, m
for bit in bin(d)[2:]:
    if bit == '1':
        a, b = a*b % n, b*b % n
    else:
        a, b = a*a % n, a*b % n
```

ಇದು ಲ್ಯಾಪ್‌ಟಾಪಿನಲ್ಲಿ ತಾಳೆ ನೋಡಲು ಮಾತ್ರ. ಚಿಪ್‌ನಲ್ಲಿ `if` ಇಲ್ಲ, a, b ಅದಲುಬದಲು ಮಾಡುವುದನ್ನೂ ಮಾಸ್ಕ್ ಹಾಕಿ ಮಾಡಿದ್ದೇನೆ. ರ್‍ಯಾಮ್ ಮೊದಲಿನಷ್ಟೇ, ಸಮಯ ಮೂರನೇ ಒಂದು ಭಾಗ ಜಾಸ್ತಿ. ಸುಮಾರು ಎಂಟು ನಿಮಿಷ.

ಮಧ್ಯೆ, ಗುಣಿಸಿದರೆ n ಆಗುವ ಗುಟ್ಟಿನ ಅವಿಭಾಜ್ಯಗಳಾದ p, q ಎರಡರಲ್ಲಿ ಬೇರೆ ಬೇರೆ ಲೆಕ್ಕ ಮಾಡಿ ಕೊನೆಗೆ ಜೋಡಿಸುವ ಸಿಆರ್‌ಟಿಯನ್ನೂ ನೋಡಿದೆ. ಸಮಯ ಕಾಲು ಭಾಗಕ್ಕೆ ಇಳಿಯಿತು. ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ವೋಲ್ಟೇಜ್ ಕುಸಿದು ಒಂದೇ ಕಡೆಯ ಲೆಕ್ಕ ತಪ್ಪಿದರೆ, ಆ ಒಂದು ತಪ್ಪು ಸಹಿಯಿಂದಲೇ n ಅನ್ನು ಒಡೆದು p, q ತೆಗೆಯಬಹುದು. ಬಿಟ್ಟುಬಿಟ್ಟೆ.

ಆದರೂ ಸಹಿ ಹೊರಗೆ ಹೋಗುವ ಮೊದಲು ಚಿಪ್ ತಾನೇ ಪರೀಕ್ಷೆ ಮಾಡುತ್ತದೆ. ಅಲ್ಲಿ ಘಾತ 65537, ಅಂದರೆ ಹದಿನಾರು ವರ್ಗ, ಒಂದು ಗುಣಾಕಾರ. ಎರಡು ಸೆಕೆಂಡಿನ ಕೆಲಸ. ಎಲ್‌ಇಡಿ ಈಗಲೂ ಇದೆ. ಪರೀಕ್ಷೆ ಪಾಸಾದ ಮೇಲೆ ಒಂದೇ ಸಲ ಹತ್ತುತ್ತದೆ.